ಗುರುವಾರಕ್ಕೆ ಉಳಿಸಿದ ಮಾತು

ಸೀಮೆಸುಣ್ಣ ಮೂರನೆಯ ಸಲ ಮುರಿದಾಗ ಅವನು ಗಡಿಯಾರ ನೋಡಿಕೊಂಡ. ತರಗತಿ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಅವನು ಹೀಗೆ ಮೊದಲೇ ಬಂದು ಖಾಲಿ ಬೆಂಚುಗಳೆದುರು ನಿಂತವನಲ್ಲ. ಬೋರ್ಡಿನ ಮೇಲೆ ‘ಸಾವು’ ಎಂದು ಬರೆದ, ಅಕ್ಷರ ದೊಡ್ಡದಾಯಿತೆನಿಸಿ ಅಳಿಸಿದ, ಸಣ್ಣದಾಗಿ ಬರೆದ, ಅದು ಯಾವುದೋ ಅಂಗಡಿಯ ಬಾಗಿಲಿಗೆ ಅಂಟಿಸಿದ ಚೀಟಿಯ ಹಾಗೆ ಕಂಡಿತು, ಅದನ್ನೂ ಅಳಿಸಿದ. ಹುಡುಗರು ತನ್ನನ್ನು ಬೆನ್ನ ಹಿಂದೆ ‘ಸಾವಿನ ಮೇಷ್ಟ್ರು’ ಎಂದು ಕರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಮೊದಮೊದಲು ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ವರ್ಷಕ್ಕೆ ಎರಡೇ ಎರಡು ತಾಸು ಅವನು ಸಾವಿನ ಬಗ್ಗೆ ಮಾತಾಡುತ್ತಿದ್ದುದು. ಸೋಮವಾರ, ಎರಡು ಸಾವಿರ ವರ್ಷಗಳಿಗೂ ಹಿಂದೆ ಒಂದು ತೋಟದಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ ಗ್ರೀಕನ ವಾದ: ಸಾವು ನಮಗೆ ಏನೂ ಅಲ್ಲ. ಗುರುವಾರ, ಅದಕ್ಕೆ ಎದುರಾಗಿ ನಿಂತ ಆಕ್ಷೇಪ. ಸೋಮವಾರದ ತರಗತಿ ಮುಗಿಸುವಾಗ, ಹುಡುಗರು ಹಗುರಾದ ಮುಖದಿಂದ ಏಳುತ್ತಿರುವಾಗ, ಅವನು ತಪ್ಪದೆ ಬೆರಳೆತ್ತಿ ಹೇಳುತ್ತಿದ್ದ: “ಇಷ್ಟಕ್ಕೇ ಸಮಾಧಾನ ಮಾಡ್ಕೋಬೇಡಿ. ಮಿಕ್ಕಿದ್ದು ಗುರುವಾರ.” ಇವತ್ತು ಗುರುವಾರ. ಇವತ್ತಿನ ತರಗತಿಗೆ ಅಕ್ಕನ ಮಗಳು ಬರುವವಳಿದ್ದಳು.

ಭಾನುವಾರ ಫೋನು ಬಂದಿತ್ತು. ಅಕ್ಕ ತೀರಿಕೊಂಡು ಎಂಟು ತಿಂಗಳಾದ ಮೇಲೆ ಅವಳಾಗಿಯೇ ಮಾಡಿದ ಮೊದಲ ಫೋನು. “ಮಾಮ, ಅಮ್ಮಂಗೆ ನೀವು ಹೇಳಿದ್ರಲ್ಲ, ಆ ಪಾಠ, ಅದನ್ನ ಕಾಲೇಜಲ್ಲಿ ಯಾವತ್ತು ಮಾಡ್ತೀರ? ನಾನೂ ಬಂದು ಕೂತ್ಕೋಬಹುದಾ?” ಎಂದು ಕೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಗಾಬರಿಗೊಳಿಸಿದ್ದು. ಸೋಮವಾರ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಮ್ಮನಿಗೆ ಹೇಳಿದ್ದು ಸೋಮವಾರದ ಪಾಠವನ್ನೇ, ಅದನ್ನೇ ಮಗಳೂ ಕೇಳಿ, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದಳು. ಆದರೆ ಬಾಯಿ “ಗುರುವಾರ ಬಾ ಗುಬ್ಬಿ, ಹತ್ತೂವರೆಗೆ” ಎಂದಿತು. ಹಾಗೇಕೆ ಹೇಳಿದೆನೆಂದು ನಾಲ್ಕು ದಿನದಿಂದ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ. ಸಿಕ್ಕಿಬೀಳುವ ಆಸೆ ಕೂಡ ಮನುಷ್ಯನಿಗೆ ಇರುತ್ತದೋ ಏನೋ. ಗುಬ್ಬಿ ಎಂದು ಅವನು ಕರೆಯುವುದು ನಲವತ್ತೊಂದು ವರ್ಷದ ಹೆಂಗಸನ್ನು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಹದಿನಾರು ವರ್ಷದಿಂದ ಅದೇ ಯಂತ್ರದ ಮುಂದೆ ಕೂತು ಅವಳ ಬಲಗೈ ಹೆಬ್ಬೆರಳಿನ ಗುರುತು ಸವೆದುಹೋಗಿದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳ ಕಣ್ಣು ಹಿಡಿಯುತ್ತದೆ. ಅಂಥವಳು ಇವತ್ತು ಬೆಂಚಿನಲ್ಲಿ ಕೂತು ತನ್ನನ್ನು ನೋಡುವವಳಿದ್ದಳು.

ಅಕ್ಕನೂ ಹಾಗೆಯೇ ನೋಡುತ್ತಿದ್ದಳು. ಮೂವತ್ತೈದು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಊರಿನವರ ರಕ್ತ ನೋಡಿದವಳು. ತನ್ನದೇ ವರದಿ ಬಂದ ದಿನ ಅದನ್ನು ಊಟದ ಮೇಜಿನ ಮೇಲೆ ಹರಡಿ, ಬೇರೆ ಯಾರದೋ ಎಂಬಂತೆ ಓದಿ, “ದೊಡ್ಡ ಕರುಳಲ್ಲಿ ಶುರುವಾಗಿದೆ, ಪಿತ್ತಕೋಶದ ಪಕ್ಕ ಯಕೃತ್ತಲ್ಲಿ ಎರಡು ಚುಕ್ಕೆ” ಎಂದಳು. ಡಾಕ್ಟರು ಹೇಳಿದ್ದನ್ನೂ ಹಾಗೇ ಒಪ್ಪಿಸಿದಳು: ಎರಡು ಸಲ ಕೊಯ್ಯಬೇಕು, ನಡುವೆ ಆರು ತಿಂಗಳು ಔಷಧಿ. ಹಾಗೆ ಮಾಡಿದರೆ ಇಂಥ ಹತ್ತು ಜನರಲ್ಲಿ ನಾಲ್ಕೈದು ಜನ ಮೂರು ವರ್ಷ ದಾಟುತ್ತಾರೆ, ಒಬ್ಬಿಬ್ಬರು ಪೂರ್ತಿ ಗೆಲ್ಲುತ್ತಾರೆ. ಮಾಡದಿದ್ದರೆ ಏಳೆಂಟು ತಿಂಗಳು. ಕಿಟಕಿಯ ಬಿಸಿಲು ಮೇಜಿನ ಅರ್ಧಕ್ಕೆ ಮಾತ್ರ ಬಿದ್ದಿತ್ತು. ಅವನು ಆ ಅರ್ಧದ ಅಂಚನ್ನೇ ನೋಡುತ್ತ ಕೂತಿದ್ದ. ಇದ್ದಕ್ಕಿದ್ದಂತೆ ಅಕ್ಕ, “ನೀನು ಸಾವಿನ ಬಗ್ಗೆ ಪಾಠ ಮಾಡ್ತೀಯಲ್ಲೋ. ಅದನ್ನ ನಂಗೂ ಹೇಳು. ನಿನ್ನ ಹುಡುಗ್ರಿಗೆ ಹೇಳೋ ಹಾಗೇ, ಅಕ್ಕ ಅಂತ ಏನೂ ಸಿಹಿ ಸವರಬೇಡ” ಎಂದಳು.

ಅವನು ಹೇಳಿದ. ಒಳ್ಳೆಯದು, ಕೆಟ್ಟದ್ದು ಅನ್ನುವುದೆಲ್ಲ ಅನುಭವಕ್ಕೆ ಬಂದರೆ ತಾನೇ? ಹಲ್ಲುನೋವು ಕೆಟ್ಟದ್ದು, ಏಕೆಂದರೆ ಅದು ನೋಯುತ್ತದೆ. ಸಾವು ಎಂದರೆ ಅನುಭವಿಸುವ ಶಕ್ತಿಯೇ ಆರಿಹೋಗುವುದು. ಸಾಯುವ ಮುಂಚಿನ ನೋವು ಬೇರೆ ಮಾತು, ಅದು ಬದುಕಿನದೇ ಒಂದು ಭಾಗ, ಅದಕ್ಕೆ ಹೆದರಿದರೆ ತಪ್ಪಿಲ್ಲ. ಉಳಿದವರ ದುಃಖವೂ ಬೇರೆ ಮಾತು. ನಾನು ಹೇಳುತ್ತಿರುವುದು ಸತ್ತುಹೋಗಿರುವ ಸ್ಥಿತಿಯ ಬಗ್ಗೆ. ನೀನು ಇರುವ ತನಕ ಅದು ಬಂದಿಲ್ಲ. ಅದು ಬಂದಾಗ ನೀನು ಇಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಸೇರುವುದೇ ಇಲ್ಲ. ಹಾಗಿರುವಾಗ ಅದು ಯಾರಿಗೆ ಏನು ಮಾಡೀತು? ಇನ್ನೊಂದು ಕಡೆಯಿಂದ ನೋಡು, ನೀನು ಹುಟ್ಟುವ ಮುಂಚೆ ಎಷ್ಟು ಯುಗಗಳು ಹೋದವು, ಆಗ ನಾನಿರಲಿಲ್ಲವಲ್ಲ ಎಂದು ಯಾವತ್ತಾದರೂ ಕೊರಗಿದ್ದೀಯಾ? ಮುಂದೆ ಬರುವುದೂ ಅದೇ ಬಗೆಯ ಇಲ್ಲದಿರುವಿಕೆ. ಹೇಳುತ್ತ ಹೇಳುತ್ತ ಅವನ ಧ್ವನಿ ತರಗತಿಯ ಧ್ವನಿಯಾಯಿತು, ಕೈ ಗಾಳಿಯಲ್ಲಿ ಸೀಮೆಸುಣ್ಣ ಹಿಡಿದಂತೆ ಆಡಿತು. ಅಕ್ಕ ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ ಕೇಳಿದಳು. “ಅಂದ್ರೆ ಸ್ಲೈಡ್ ಗಾಜಿನ ಮೇಲೆ ಏನೂ ಇಲ್ಲ ಅಂತೀಯ,” ಎಂದಳು. “ನಾವು ಬರೀತಿದ್ವಿ ಅಂಥಾ ವರದಿ. ಏನೂ ಕಂಡುಬಂದಿಲ್ಲ, ಅಂತ.” ನಕ್ಕಳು. ಆಮೇಲೆ ಮೇಜಿನ ಕಾಗದಗಳನ್ನು ಒಟ್ಟು ಮಾಡಿ, ಅಂಚು ತಟ್ಟಿ ಸರಿಮಾಡಿ, “ಇಷ್ಟೇನಾ, ಇನ್ನೂ ಇದೆಯಾ?” ಎಂದು ಕೇಳಿದಳು.

“ಇಷ್ಟೇ ಅಕ್ಕ” ಎಂದಿದ್ದ ಅವನು.

ಮರುವಾರ ಅವಳು ಡಾಕ್ಟರಿಗೆ ಬೇಡ ಎಂದು ಹೇಳಿ ಬಂದಳು. ಏಳು ತಿಂಗಳು ಬದುಕಿದ್ದಳು. ನೋವಿಗೆ ಔಷಧಿ ತೆಗೆದುಕೊಂಡಳು, ಎಲ್ಲರೊಂದಿಗೂ ಸಮಾಧಾನದಿಂದ ಮಾತಾಡಿದಳು, ನೋಡಲು ಬಂದವರೆಲ್ಲ ಅವಳ ಧೈರ್ಯ ಹೊಗಳಿ ಹೋದರು. ಆ ಧೈರ್ಯ ತಾನು ಕೊಟ್ಟದ್ದೆಂದು ಅವನಿಗೆ ಒಳಗೊಳಗೇ ಸಂತೋಷವೂ ಆಗಿತ್ತು. ಈಗ ಆ ಸಂತೋಷವನ್ನು ನೆನೆದರೆ ನಾಚಿಕೆಯಾಗುತ್ತದೆ.

ಹುಡುಗರು ಬಂದರು. ಇಪ್ಪತ್ತಮೂರು ಜನ. ಅವರ ನಡುವೆ, ಎಲ್ಲರಿಗೂ ದಾರಿ ಬಿಡುತ್ತ, ಗುಬ್ಬಿ. ಅಂಗಡಿಯ ಬೂದು ಮೇಲಂಗಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು, ಅರ್ಧ ದಿನ ರಜೆ ಹಾಕಿ ಬಂದಿರಬೇಕು. ಕೊನೆಯ ಬೆಂಚಿನ ತುಂಟನೊಬ್ಬ ಎದ್ದು, ಇನ್ಸ್‌ಪೆಕ್ಷನ್ನಿಗೆ ಬಂದ ಮೇಡಂ ಎಂದುಕೊಂಡೋ ಏನೋ, ತನ್ನ ಜಾಗವನ್ನೇ ಬಿಟ್ಟುಕೊಟ್ಟ. ಪಾಠ ಶುರುಮಾಡಿ ಅವನು, ಸೋಮವಾರದ ವಾದವನ್ನು ಯಾರಾದರೂ ಹೇಳಿ ಎಂದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಾಲ್ಕು ಮಾತಲ್ಲಿ ಒಪ್ಪಿಸಿದಳು. ಸೋಮವಾರ ತಾನು ಹೇಳಿದ ಮಾತೇ, ಅಕ್ಕನಿಗೆ ಹೇಳಿದ ಮಾತೇ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ನುಣುಪಾಗಿತ್ತೆಂದರೆ ಎಲ್ಲಿ ಹಿಡಿದರೂ ಕೈ ಜಾರುತ್ತಿತ್ತು.

“ಸರಿ,” ಎಂದ. “ಈಗ ಇದರಲ್ಲಿ ಯಾವ ಇಟ್ಟಿಗೆ ಸಡಿಲ ಇದೆ ನೋಡೋಣ. ಅನುಭವಕ್ಕೆ ಬರದೇ ಇರೋದು ಕೆಟ್ಟದ್ದಾಗೋಕೆ ಸಾಧ್ಯ ಇಲ್ಲ ಅಂತ ಆತ ಅಂದ್ಕೊಂಡಿದಾನೆ. ಅದು ನಿಜವಾ? ಒಂದು ಉದಾಹರಣೆ.”

ಬೇರೆ ಉದಾಹರಣೆ ಹೇಳಬೇಕೆಂದು ಅವನು ನಿನ್ನೆಯಿಂದ ಲೆಕ್ಕ ಹಾಕಿಕೊಂಡಿದ್ದ. ಬೆನ್ನ ಹಿಂದೆ ಸ್ನೇಹಿತರು ಹೀಯಾಳಿಸುತ್ತಾರೆ, ಅವನಿಗೆ ಸಾಯುವ ತನಕ ಗೊತ್ತೇ ಆಗುವುದಿಲ್ಲ, ಹೀಗೆ ಏನೋ. ಆದರೆ ಇಪ್ಪತ್ತೇಳು ವರ್ಷ ಒಂದೇ ದಾರಿಯಲ್ಲಿ ನಡೆದ ನಾಲಿಗೆ ತನ್ನ ಪಾಡಿಗೆ ತಾನು ಹೊರಟಿತು. “ಒಬ್ಬಳು ಹುಡುಗಿ. ಹದಿನೆಂಟು ವರ್ಷ. ಡಾಕ್ಟರ್ ಆಗಬೇಕು ಅಂತ ಪರೀಕ್ಷೆ ಬರೀತಾಳೆ. ಸೀಟು ಸಿಕ್ಕಿದೆ ಅಂತ ಕಾಗದ ಬರುತ್ತೆ. ಅಪ್ಪ ಅದನ್ನ ಮೊದಲು ನೋಡ್ತಾನೆ. ಅಷ್ಟು ದೂರ ಕಳಿಸೋಕೆ ಅವನಿಗೆ ಇಷ್ಟ ಇಲ್ಲ. ಕಾಗದ ಒಲೆಗೆ ಹೋಗುತ್ತೆ. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲಮ್ಮ ಅಂತಾನೆ. ಅವಳು ಒಂದು ವಾರ ಅತ್ತು ಸುಮ್ಮನಾಗ್ತಾಳೆ. ಬೇರೆ ಕೆಲಸ ಕಲೀತಾಳೆ, ಚೆನ್ನಾಗಿ ಮಾಡ್ತಾಳೆ. ಮೂವತ್ತೈದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು ಸಂತೋಷವಾಗೇ ಇರ್ತಾಳೆ. ಕಾಗದದ ವಿಷಯ ಅವಳಿಗೆ ಕೊನೇವರೆಗೂ ಗೊತ್ತಾಗಲ್ಲ. ಈಗ ಹೇಳಿ, ಅವಳಿಗೆ ಕೆಟ್ಟದ್ದಾಯ್ತಾ, ಇಲ್ವಾ?”

ಸೂಕ್ಷ್ಮದರ್ಶಕ ಎಂಬ ಶಬ್ದ ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಅದು ಕೇಳಿಸಿತು. ಬೇರೆ ವರ್ಷಗಳಲ್ಲಿ ಅಲ್ಲಿ ಕುಳಿತವರಿಗೆ ಅದೊಂದು ಶಬ್ದ ಅಷ್ಟೆ. ಹಿಂದಿನ ಬೆಂಚಿನಲ್ಲಿ ಗುಬ್ಬಿ ತೋಳಿನ ಮೇಲಿದ್ದ ಮೇಲಂಗಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. ಅವನು ಪಾಠ ಮಾಡಲು ಕಾಲೇಜು ಸೇರಿ ಎರಡು ವರ್ಷವಾಗಿದ್ದಾಗ, ಹಾಸಿಗೆ ಹಿಡಿದಿದ್ದ ಅಪ್ಪ ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದ್ದ ಮಾತು ಅದು. ಹೇಳಿ ಮುಗಿಸಿ, “ಅವಳಿಗೆ ಹೇಳಬೇಡ. ಗೊತ್ತಿಲ್ಲದ್ದು ಅವಳನ್ನ ಏನೂ ನೋಯಿಸಿಲ್ಲ” ಎಂದಿದ್ದರು. ಅದೇ ವರ್ಷ ಅವನು ಅದನ್ನು ತರಗತಿಗೆ ತಂದ. ಯಾರಿಗಾದರೂ ಹೇಳಲೇಬೇಕಿತ್ತು, ಹೇಳಬೇಕಾದವಳಿಗೆ ಹೇಳಲಾಗಲಿಲ್ಲ. ಹಾಗಾಗಿ ಅಪರಿಚಿತರಿಗೆ, ವರ್ಷವರ್ಷ, ಹಾಜರಿ ತೆಗೆದುಕೊಂಡು.

“ಆಯ್ತು ಸರ್, ಕೆಟ್ಟದ್ದೇ ಆಯ್ತು,” ಎಂದಳು ಮುಂದಿನ ಬೆಂಚಿನವಳು. “ನೋವಾಗದೇ ಇದ್ರೂ. ಅವಳಿಗೆ ಸಿಗಬಹುದಾಗಿದ್ದ ಬದುಕು ಸಿಗಲಿಲ್ಲವಲ್ಲ.”

“ಅದೇ ಆಕ್ಷೇಪ. ಕೆಟ್ಟದ್ದು ಎರಡು ಥರ. ಹಲ್ಲುನೋವಿನ ಥರ, ಬಂದು ಚುಚ್ಚೋದು. ಇನ್ನೊಂದು, ಬರಬೇಕಾದ್ದನ್ನ ತಡೆಯೋದು. ಸಾವು ಚುಚ್ಚಲ್ಲ, ಗ್ರೀಕ ಹೇಳಿದ್ದು ಸರಿ. ಆದರೆ ತಡೆಯುತ್ತೆ. ಅದು ಎಷ್ಟು ಕೆಟ್ಟದ್ದು ಅಂತ ಅಳೆಯೋಕೆ ಸತ್ತವರ ಸ್ಥಿತಿ ನೋಡಬೇಕಾಗಿಲ್ಲ. ಅವರು ಬದುಕಿದ್ದ ಬದುಕನ್ನ, ಬದುಕಬಹುದಾಗಿದ್ದ ಬದುಕಿನ ಪಕ್ಕ ಇಟ್ಟು ನೋಡಬೇಕು.”

“ಆದ್ರೆ ಸರ್,” ಎಂದ ಕನ್ನಡಕದ ಹುಡುಗನೊಬ್ಬ, “ಆ ಹುಡುಗಿ ಇದ್ದಳಲ್ಲ. ಕಳ್ಕೊಳ್ಳೋಕೆ ಒಬ್ಬಳು ಇದ್ದಳು. ಸತ್ತೋರು ಇಲ್ವೇ ಇಲ್ಲ. ಕಳ್ಕೊಂಡಿದ್ದು ಯಾರು? ಯಾವಾಗ?”

ಒಳ್ಳೆಯ ಪ್ರಶ್ನೆ. ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆ, ಗ್ರೀಕನ ಕೈಯಲ್ಲಿರುವ ಬಲವಾದ ಅಸ್ತ್ರ. “ಯಾರು ಅನ್ನೋದಕ್ಕೆ ಉತ್ತರ ಇದೆ,” ಎಂದ. “ಬದುಕಿದ್ದಳಲ್ಲ, ಅವಳೇ. ಹೆಣ ಅಲ್ಲ. ಯಾವಾಗ ಅನ್ನೋದು ಕಷ್ಟ. ಸತ್ತ ಮೇಲೆ ಅಂದ್ರೆ ಅವಳಿಲ್ಲ, ಮುಂಚೆ ಅಂದ್ರೆ ಇನ್ನೂ ಸತ್ತಿಲ್ಲ. ಕೆಲವರು ಹೇಳ್ತಾರೆ, ಇದಕ್ಕೆ ತಾರೀಕು ಹುಡುಕೋದೇ ತಪ್ಪು ಅಂತ. ಒಂದು ಕಂಬ ಪಕ್ಕದ ಕಂಬಕ್ಕಿಂತ ಗಿಡ್ಡ. ಎಷ್ಟು ಗಂಟೆಗೆ ಗಿಡ್ಡ ಅಂತ ಕೇಳ್ತೀರಾ? ಹೋಲಿಕೆಗೆ ಗಂಟೆ ಇಲ್ಲ. ಈ ಉತ್ತರ ಎಲ್ಲರಿಗೂ ಒಪ್ಪಿಗೆ ಆಗಿಲ್ಲ, ನನಗೂ ಪೂರ್ತಿ ಅಲ್ಲ. ಹುಟ್ಟೋ ಮುಂಚಿನ ಕಾಲದ ಮಾತಿಗೂ ಹೀಗೇ ಒಂದು ಉತ್ತರ ಇದೆ. ನೂರು ವರ್ಷ ಮುಂಚೆ ಹುಟ್ಟಿದ್ದರೆ ಅದು ನೀವಾಗ್ತಿರಲಿಲ್ಲ, ಬೇರೆ ಯಾರೋ ಆಗ್ತಿದ್ರು. ನೂರು ವರ್ಷ ತಡವಾಗಿ ಸತ್ತರೆ ಮಾತ್ರ ಅದು ನೀವೇ. ಹಿಂದಿನ ಕತ್ತಲು ನಿಮ್ಮಿಂದ ಏನನ್ನೂ ಕಿತ್ಕೊಂಡಿಲ್ಲ. ಮುಂದಿನದು ಕಿತ್ಕೊಳ್ಳುತ್ತೆ.”

“ಸರ್.”

ಹಿಂದಿನ ಬೆಂಚಿನಿಂದ. ಇಪ್ಪತ್ತಮೂರು ತಲೆಗಳು ತಿರುಗಿದವು. ಗುಬ್ಬಿಯ ಬಾಯಲ್ಲಿ ಆ ‘ಸರ್’ ಎಂಬುದು ಅವನ ಎದೆಗೆ ಬಂದು ನಾಟಿತು.

“ಸತ್ತೋರಿಗೆ ಸಿಗಬಹುದಾಗಿದ್ದ ವರ್ಷಗಳು ಒಳ್ಳೇವೇ ಆಗಿರ್ತಿದ್ವು ಅಂತ ಹೇಗೆ ಹೇಳೋದು? ಬರೀ ನೋವಿನವೇ ಆಗಿದ್ರೆ?”

“ಹಾಗಿದ್ರೆ,” ಎಂದ. ಸೀಮೆಸುಣ್ಣ ಕೆಳಗಿಟ್ಟ. “ಹಾಗಿದ್ರೆ ಸಾವು ಏನನ್ನೂ ಕಿತ್ಕೊಂಡಿಲ್ಲ. ಈ ಆಕ್ಷೇಪ ಎಲ್ಲಾ ಸಾವೂ ಕೆಟ್ಟದ್ದು ಅನ್ನಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ತೂಗಬೇಕು ಅನ್ನುತ್ತೆ.”

“ಯಾರು ತೂಗಬೇಕು?”

“ಬದುಕ್ತಿರೋರು. ಅದು ಯಾರ ಬದುಕೋ ಅವರೇ.”

“ಅವರಿಗೆ ತಕ್ಕಡಿಯ ಎರಡೂ ತಟ್ಟೆ ತೋರಿಸಿದ್ರೆ ತಾನೇ ಸರ್ ತೂಗೋದು?” ಎಂದಳು ಅವಳು. ಏರುದನಿಯಲ್ಲಿ ಅಲ್ಲ. ಅಂಗಡಿಯಲ್ಲಿ ಗಿರಾಕಿಗೆ, ಈಗ ಓದಿ ನೋಡಿ, ಕೆಳಗಿನ ಸಾಲು ಕಾಣ್ತಾ, ಎಂದು ಕೇಳುವ ಹಾಗೆ. ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು, ಪಾಠದಲ್ಲಿ ಮೇಷ್ಟ್ರು ಸಿಕ್ಕಿಬಿದ್ದರಲ್ಲ ಎಂಬ ಖುಷಿಗೆ. ಗಂಟೆ ಹೊಡೆಯಲು ಇನ್ನೂ ಹನ್ನೆರಡು ನಿಮಿಷವಿತ್ತು. ಅವನು ಕೈಗಡಿಯಾರ ನೋಡಿಕೊಂಡು, ಇವತ್ತಿಗೆ ಸಾಕು ಎಂದ. ಹುಡುಗರು ಚೀಲ ತೆಗೆದುಕೊಂಡು ಎದ್ದರು. ಕನ್ನಡಕದ ಹುಡುಗ ಮೇಜಿನ ಬಳಿ ಬಂದು, “ಸರ್, ಪರೀಕ್ಷೆಗೆ ಯಾವುದು ಸರಿ ಅಂತ ಬರೀಬೇಕು?” ಎಂದು ಕೇಳಿದ. ತಾನು ಏನು ಉತ್ತರ ಕೊಟ್ಟೆನೋ ಅವನಿಗೇ ನೆನಪಿಲ್ಲ. ಹುಡುಗ ಅರ್ಥವಾಗದ ಮುಖ ಮಾಡಿಕೊಂಡು ಹೋದ.

ಸೈಕಲ್ ನಿಲ್ಲಿಸುವ ಚಪ್ಪರದ ಪಕ್ಕ ಒಂದು ಕಲ್ಲುಬೆಂಚು. ಅಲ್ಲಿ ಅವಳು ಒಂದು ತುದಿಗೆ ಕೂತಳು, ಅವನು ಇನ್ನೊಂದು ತುದಿಗೆ. ನಡುವೆ ಅವಳ ಬೂದು ಮೇಲಂಗಿ. ಇಬ್ಬರೂ, ಚೈನು ಕಳಚಿಕೊಂಡ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದ ಗುಮಾಸ್ತನೊಬ್ಬನನ್ನು ನೋಡಿದರು.

“ಆ ಹುಡುಗಿ ಅಮ್ಮ ತಾನೇ?”

“ಹೂಂ.”

“ಅಮ್ಮಂಗೆ ಗೊತ್ತಿತ್ತಾ?”

“ಇಲ್ಲ. ನಿಮ್ಮ ತಾತ ನಂಗೊಬ್ಬನಿಗೇ ಹೇಳಿದ್ದು.”

“ಎಷ್ಟು ಜನಕ್ಕೆ ಹೇಳಿದೀರ ಮಾಮ, ಇಲ್ಲೀವರೆಗೆ? ವರ್ಷಕ್ಕೆ ಇಪ್ಪತ್ತು ಮೂವತ್ತು ಹುಡುಗ್ರು. ಊರಿಗೆಲ್ಲ ಗೊತ್ತು, ಅಮ್ಮಂಗೊಬ್ಬಳಿಗೆ ಬಿಟ್ಟು.”

ಅಕ್ಕನಿಗೆ ಆಕ್ಷೇಪ ಹೇಳಬೇಕಾಗಿದ್ದರೆ ಉದಾಹರಣೆ ಹೇಳಬೇಕಾಗುತ್ತಿತ್ತು, ಅದರಿಂದಲೇ ತಾನು ಅಲ್ಲಿಗೆ ನಿಲ್ಲಿಸಿದ್ದೆಂದು ಎಂಟು ತಿಂಗಳು ತನಗೆ ತಾನೇ ಹೇಳಿಕೊಂಡಿದ್ದ. ಈಗ ಅದನ್ನೇ ಇವಳಿಗೂ ಹೇಳಲು ಬಾಯಿ ತೆರೆದ. ಅವಳು ಒಪ್ಪಿಕೊಳ್ಳುತ್ತಿದ್ದಳೋ ಏನೋ, ಕೇಳಲು ಅದು ಮರ್ಯಾದಸ್ಥವಾಗಿಯೇ ಇತ್ತು. ಆದರೆ ಆ ಮೇಜು ಕಣ್ಣ ಮುಂದೆ ಬಂತು, ಅರ್ಧಕ್ಕೆ ಬಿದ್ದ ಬಿಸಿಲು, ಅಕ್ಕ ಆರು ತಿಂಗಳು ಔಷಧಿ ಎಂದಾಗ ತನ್ನ ಮನಸ್ಸಿನಲ್ಲಿ ಮೊದಲು ಮೂಡಿದ ಚಿತ್ರ. ಆಸ್ಪತ್ರೆಗೆ ಹತ್ತಿರವಿರುವುದು ತನ್ನ ಮನೆ. ಅಕ್ಕ ಅಲ್ಲಿಗೇ ಬಂದು ಇರಬೇಕಾಗುತ್ತಿತ್ತು. ತನ್ನ ಓದುವ ಕೋಣೆಯಲ್ಲಿ ಮಂಚ, ಬಚ್ಚಲಲ್ಲಿ ವಾಂತಿಯ ಸದ್ದು, ಮಾರುಕಟ್ಟೆಯ ದಾರಿಯಲ್ಲಿ ಸಿಕ್ಕವರೆಲ್ಲ ಹೇಗಿದ್ದಾರೆ ಎಂದು ಕೇಳುವುದು. ಹೆಂಡತಿ ಹೋದ ಮೇಲೆ ಒಬ್ಬನೇ ಜೋಡಿಸಿಕೊಂಡ ಆ ಮೌನ ಚೂರುಚೂರಾಗುವುದು.

“ಗುರುವಾರದ ಪಾಠ ಅವಳಿಗೆ ಹೇಳದೇ ಇದ್ದದ್ದಕ್ಕೆ ಕಾಗದ ಕಾರಣ ಅಲ್ಲ ಗುಬ್ಬಿ,” ಎಂದ. “ಅದೂ ಇತ್ತು. ಆದರೆ ಅವಳು ಚಿಕಿತ್ಸೆ ಬೇಡ ಅಂದ್ರೆ ನಂಗೆ ಅನುಕೂಲ ಆಗ್ತಿತ್ತು. ಅವಳು ನನ್ನ ಮನೇಲಿ ಇರಬೇಕಾಗ್ತಿತ್ತು. ನಂಗೆ ಅದು ಬೇಡವಾಗಿತ್ತು. ಇನ್ನೂ ಇದೆಯಾ ಅಂತ ಅವಳು ಕೇಳಿದಳು. ಇದೆ ಅನ್ನಬೇಕಿತ್ತು. ಇಷ್ಟೇ ಅಂದೆ.”

ಹೇಳಿದ ಕೂಡಲೇ ಹಗುರವಾಗುತ್ತದೆಂದು ಎಲ್ಲೋ ನಂಬಿದ್ದ. ಹಾಗೇನೂ ಆಗಲಿಲ್ಲ. ಗುಬ್ಬಿ ಅವನನ್ನು ನೋಡಲಿಲ್ಲ. ಮೇಲಂಗಿಯ ಗುಂಡಿಯೊಂದನ್ನು ಹಾಕಿ ತೆಗೆದು ಮಾಡುತ್ತಿದ್ದಳು.

“ಅಮ್ಮ ಈಜು ಕಲೀತಿದ್ರು, ಗೊತ್ತಾ?” ಎಂದಳು ಕೊನೆಗೆ. “ನಿವೃತ್ತಿ ಆದಮೇಲೆ. ನಗ್ತಾರೆ ಅಂತ ಯಾರಿಗೂ ಹೇಳಿರ್ಲಿಲ್ಲ. ಅಂಗಾತ ತೇಲೋದು ಬಂದಿತ್ತು. ಮುಂದಕ್ಕೆ ಹೋಗೋದು ಬಂದಿರ್ಲಿಲ್ಲ. ‘ಇನ್ನೊಂದು ವರ್ಷ ಇದ್ರೆ ಆ ಕಡೆ ದಡ ಮುಟ್ತಿದ್ದೆ ಕಣೆ’ ಅಂದ್ರು ಒಂದ್ಸಲ. ಆಮೇಲೆ ತಾವೇ, ‘ಬಿಡು, ಮುಟ್ಟಲಿಲ್ಲ ಅಂತ ಕೊರಗೋಕೆ ನಾನೆಲ್ಲಿರ್ತೀನಿ’ ಅಂದ್ರು. ನಿಮ್ಮ ಮಾತದು. ನಂಗೆ ಆಗ ತುಂಬಾ ಚೆನ್ನಾಗಿದೆ ಅನ್ನಿಸಿತ್ತು.”

“ಅದು ಅರ್ಧ ಮಾತು. ಗ್ರೀಕನಿಗೂ ಅನ್ಯಾಯ ಮಾಡಿದೆ ನಾನು. ಸಾವಿಗೆ ಹೆದರಬೇಡಿ ಅಂದ, ಬದುಕೋದನ್ನ ಬಿಟ್ಟುಬಿಡಿ ಅನ್ನಲಿಲ್ಲ. ಬಲ್ಲವನು ಬದುಕಿಗೆ ಬೆನ್ನು ತಿರುಗಿಸಲ್ಲ ಅಂತಲೂ ಹೇಳಿದಾನೆ. ಎಷ್ಟು ಉದ್ದ ಅನ್ನೋದಕ್ಕಿಂತ ಎಷ್ಟು ಹಿತ ಅಂತ ನೋಡಿ ಆರಿಸ್ಕೋತಾನೆ ಅಂತ. ಹೆದರಿಕೆ ಹೋದ ಮೇಲೂ ಆರಿಸೋದು ಇರುತ್ತೆ. ಅದನ್ನೂ ಹೇಳಲಿಲ್ಲ.”

“ಎಲ್ಲಾ ಹೇಳಿದ್ರೆ ಅಮ್ಮ ಚಿಕಿತ್ಸೆ ತಗೋತಿದ್ರಾ?”

“ಗೊತ್ತಿಲ್ಲ. ಎರಡನ್ನೂ ತೂಗಿ ಬೇಡ ಅನ್ನಬಹುದಾಗಿತ್ತು. ಅವಳಿಗೆ ಅಂಥ ವರದಿಗಳು ಹೊಸದಲ್ಲ. ನಾನು ಅಷ್ಟು ದೊಡ್ಡವನಲ್ಲವೇನೋ, ನನ್ನ ಮಾತಿಂದಲೇ ಅವಳು ಬೇಡ ಅಂದಳು ಅಂದ್ಕೊಳ್ಳೋಕೆ.”

“ಹಾಗೆ ಅಂದ್ಕೊಂಡು ತಪ್ಪಿಸ್ಕೋಬೇಡಿ,” ಎಂದಳು ಅವಳು ಮೊದಲ ಬಾರಿಗೆ ಕಟುವಾಗಿ. ಆಮೇಲೆ ದನಿ ತಗ್ಗಿಸಿ, “ನಾನು ಬೈಯೋಕೆ ಬಂದಿದ್ದಲ್ಲ ಮಾಮ. ನಂಗೇ ಬೇಕಾಗಿತ್ತು, ಪಾಠ” ಎಂದಳು.

ಅಮ್ಮನ ಡಾಕ್ಟರು ಅವಳಿಗೆ ಹೇಳಿದ್ದರಂತೆ: ತಾಯಿಗೆ ಈ ಕಾಯಿಲೆ ಬಂದಿದ್ದರೆ ಮಕ್ಕಳು ನಲವತ್ತು ದಾಟಿದ ಕೂಡಲೇ ಒಮ್ಮೆ ಕರುಳಿನೊಳಗೆ ಕೊಳವೆ ಹಾಕಿ ನೋಡಿಸಿಕೊಳ್ಳಬೇಕು. ಸಣ್ಣ ಗಂಟೇನಾದರೂ ಸಿಕ್ಕಿದರೆ ಕಾಯಿಲೆಯಾಗುವ ಮೊದಲೇ ತೆಗೆದುಬಿಡಬಹುದು. ಚೀಟಿ ಬರೆದುಕೊಟ್ಟು ವರ್ಷದ ಮೇಲಾಯಿತು. ಅವಳು ಹೋಗಿರಲಿಲ್ಲ. ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ಅಂಗಡಿಗೇ ಹೋಗಿ ಕೂತಿದ್ದಳು. ಕೊಳವೆಗೆ ಹೆದರಿ ಅಲ್ಲ. ಯೋಚನೆ ಬಂದಾಗಲೆಲ್ಲ ಅಮ್ಮ ಹೇಳಿಕೊಟ್ಟದ್ದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು: ನಾನಿರುವಾಗ ಅದಿಲ್ಲ, ಅದಿರುವಾಗ ನಾನಿಲ್ಲ. ಹೇಳಿಕೊಂಡರೆ ಎದೆ ತಣ್ಣಗಾಗುತ್ತಿತ್ತು. “ಆಮೇಲೆ ಹಾಗೆ ತಣ್ಣಗಾಗೋದನ್ನ ನೋಡಿ ಭಯ ಆಗೋಕೆ ಶುರುವಾಯ್ತು,” ಎಂದಳು. “ಗಾಜು ಉಜ್ಜುವಾಗ ಕೆಲವೊಮ್ಮೆ ಬೆರಳು ಮರಗಟ್ಟುತ್ತೆ. ಕುಯ್ದುಕೊಂಡ್ರೂ ಗೊತ್ತಾಗಲ್ಲ. ಹಾಗೆ.”

ಒಂದು ಮಧ್ಯಾಹ್ನ ಒಂದು ಮೇಜಿನ ಮೇಲೆ ಬಿಟ್ಟುಬಂದ ಅರ್ಧ ಮಾತು ಮನೆಯಿಂದ ಮನೆಗೆ ಹೀಗೆ ನಡೆದು ಬಂದಿದೆ ಎಂದು ಅವನು ಎಣಿಸಿರಲಿಲ್ಲ. ಹೆದರಿಸಿ ಕಳಿಸಬಹುದಿತ್ತು. ಅಮ್ಮನನ್ನು ನೋಡಿಲ್ಲವಾ, ಹಾಗಾಗುತ್ತೀಯ, ಎನ್ನಬಹುದಿತ್ತು. ಅದು ಸುಲಭವಾಗಿ ನಾಲಿಗೆಯ ತುದಿಗೆ ಬಂತು, ಅವನು ನುಂಗಿಕೊಂಡ.

“ಹೆದರಿಕೆ ಬಿಟ್ಟು ಬೇರೆ ಕಾರಣ ಹೇಳಿ,” ಎಂದಳು ಅವಳು, ಅವನ ಮನಸ್ಸು ಓದಿದವಳಂತೆ. “ನಾನ್ಯಾಕೆ ಹೋಗಬೇಕು?”

“ನಾನು ಹೇಳೋಕಾಗಲ್ಲ. ನೀನೇ ಹೇಳಬೇಕು. ಬದುಕಿದ್ರೆ ಮಾಡ್ತೀನಿ ಅನ್ನೋದಲ್ಲ. ಯಾವುದಕ್ಕೋಸ್ಕರ ಬದುಕಿರಬೇಕು ಅನ್ನಿಸುತ್ತೋ, ಅಂಥದ್ದು ಏನಿದೆ ನಿನಗೆ?”

ಅವಳು ಬಹಳ ಹೊತ್ತು ಯೋಚಿಸಿದಳು. ಏನೂ ಸಿಗುವುದಿಲ್ಲವೇನೋ ಎಂದು ಅವನಿಗೆ ದಿಗಿಲಾಯಿತು. “ಮಗಳು,” ಎಂದಳು, ತಕ್ಷಣ ತಲೆಯಾಡಿಸಿ, “ಅದು ಎಲ್ರೂ ಹೇಳೋದು. ಅವಳು ನಾನಿಲ್ಲದೆ ಹೇಗೋ ಇರ್ತಾಳೆ.” ಸವೆದ ಹೆಬ್ಬೆರಳನ್ನು ಉಜ್ಜಿಕೊಂಡಳು. “ಒಬ್ಬ ಮುದುಕ ಬರ್ತಾನೆ ಅಂಗಡಿಗೆ. ಅವನ ಕಣ್ಣಿಗೆ ಸರಿಯಾದ ಗಾಜು ಯಾರಿಂದಲೂ ಆಗಿಲ್ಲ. ಕಣ್ಣುಗುಡ್ಡೆಯ ಮುಂದಿನ ಉಬ್ಬು ಓರೆ. ಮೂರು ಸಲ ಉಜ್ಜಿ ಮೂರು ಸಲ ಕೆಟ್ಟಿದೆ. ಹೇಗೆ ಮಾಡಬೇಕು ಅಂತ ನಂಗೆ ಈಗ ಸುಮಾರಾಗಿ ಹೊಳೀತಿದೆ. ಅದನ್ನ ಮಾಡಬೇಕು. ಆಮೇಲೆ ಅಂಥಾ ಕಣ್ಣಿನ ಬೇರೆಯವರಿಗೂ.” ಹೇಳಿ ನಾಚಿಕೊಂಡಳು. “ಇದು ಕಾರಣನಾ?”

“ಸಾಕಷ್ಟು ದೊಡ್ಡದು,” ಎಂದ.

“ನೀವು ಮಾಡಿಸಿದೀರಾ ಮಾಮ? ಒಡಹುಟ್ಟಿದವರೂ ಮಾಡಿಸ್ಕೋಬೇಕು ಅಂದಿದ್ರಲ್ಲ ಡಾಕ್ಟ್ರು.”

ಅವನು ಇಲ್ಲವೆಂದು ತಲೆಯಾಡಿಸಿದ. ತನ್ನ ಕೈಗೆ ಬಂದ ಚೀಟಿ ಎಲ್ಲಿದೆಯೆಂದೇ ನೆನಪಿರಲಿಲ್ಲ. ಹೆದರಿಕೆ ಇಲ್ಲ ಎಂದುಕೊಂಡಿದ್ದ, ಹೆದರಿಕೆಯೇ ಇಲ್ಲದ ಮೇಲೆ ನೋಡಲು ಏನಿದೆ ಎಂದುಕೊಂಡಿದ್ದ. ಅಥವಾ ಶಿಕ್ಷೆಯೊಂದು ತಾನಾಗಿಯೇ ಒಳಗೆ ಬೆಳೆಯುತ್ತಿದ್ದರೆ ಬೆಳೆಯಲಿ ಎಂದೂ ಇತ್ತೇನೋ. ಅವಳು ಎದ್ದು ಮೇಲಂಗಿ ತೊಟ್ಟುಕೊಂಡಳು. ಬರುತ್ತೀರಾ ಎಂದು ಕೇಳಲಿಲ್ಲ. ಕ್ಷಮಿಸಿದ್ದೇನೆಂದೂ ಹೇಳಲಿಲ್ಲ. ಗೇಟಿನ ತನಕ ಹೋಗಿ, ನಿಂತು, ಹಿಂದೆ ನೋಡದೆಯೇ ಕಾದಳು. ಮಧ್ಯಾಹ್ನ ಅವನಿಗೆ ಇನ್ನೊಂದು ತರಗತಿಯಿತ್ತು. ಅವನು ಎದ್ದು ಅವಳ ಹಿಂದೆ ಹೋದ.

ಆಸ್ಪತ್ರೆಗೆ ನಡೆದೇ ಹೋದರು, ಹತ್ತು ನಿಮಿಷದ ದಾರಿ. ನೋಂದಣಿಯ ಕಿಟಕಿಯೆದುರು ಸಾಲಿನಲ್ಲಿ ಅವಳು ಮುಂದೆ, ಅವನು ಹಿಂದೆ. ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಅದನ್ನು ದಾಟದೆ ನಿಂತುಕೊಳ್ಳಿ ಎಂದು ಕಾವಲುಗಾರ ಎರಡು ಸಲ ಅವನಿಗೆ ಹೇಳಿದ. ಕಿಟಕಿಯೊಳಗಿನ ಹೆಂಗಸು ಫಾರಂ ಒಂದನ್ನು ಮುಂದಕ್ಕೆ ತಳ್ಳಿ, ಕಣ್ಣೆತ್ತದೆ ಕೇಳಿದಳು:

“ಯಾವ ಪರೀಕ್ಷೆ? ಪೇಷಂಟ್ ಯಾರು, ನೀವಾ, ಅವರಾ?”

ಗುಬ್ಬಿ ಅವನ ಕಡೆ ತಿರುಗಿದಳು. ಬೆಳಗಿನಿಂದ ಮೊದಲ ಬಾರಿಗೆ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದು. ಅವನು ಗೆರೆ ದಾಟಿ ಅವಳ ಪಕ್ಕಕ್ಕೆ ಬಂದು ನಿಂತ.

“ಇನ್ನೊಂದು ಫಾರಂ ಕೊಡಿ,” ಎಂದ.